‘ಮೇಕ್’ ಎಲ್ಲಿ, ‘ಡೂ’ ಎಲ್ಲಿ? ಬಿಟ್ಟ ಸ್ಥಳ ತುಂಬುವ ಮುನ್ನ

ಕನ್ನಡದಲ್ಲಿ ನಾವು ಕೆಲಸ ಮಾಡುತ್ತೇವೆ, ತಪ್ಪು ಮಾಡುತ್ತೇವೆ, ಫೋನ್ ಮಾಡುತ್ತೇವೆ, ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಕೊನೆಗೆ ನಿದ್ದೆಯನ್ನೂ ಮಾಡುತ್ತೇವೆ. ಒಂದೇ ‘ಮಾಡು’ ಇಷ್ಟೆಲ್ಲವನ್ನೂ ಹೊತ್ತು ನಡೆಯುತ್ತದೆ. ಇಂಗ್ಲಿಷಿನಲ್ಲಿ ಈ ಹೊರೆ ಹಂಚಿಹೋಗಿದೆ. ತಪ್ಪಿಗೆ ‘ಮೇಕ್’, ಮನೆಗೆಲಸಕ್ಕೆ ‘ಡೂ’, ಊಟಕ್ಕೆ ‘ಹ್ಯಾವ್’, ಔಷಧಿಗೆ ‘ಟೇಕ್’. ಹೀಗೆ ಒಂದು ನಾಮಪದ ತನಗೆ ಒಗ್ಗಿದ ಕ್ರಿಯಾಪದದ ಜೊತೆಗೇ ಬರುವುದನ್ನು ಕಾಲೊಕೇಷನ್ ಎನ್ನುತ್ತಾರೆ. ಪದಜೋಡಿ ಎಂದು ಕರೆಯೋಣ. ‘ಡಿಡ್ ಎ ಮಿಸ್ಟೇಕ್’ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ವ್ಯಾಕರಣವೂ ಕೆಟ್ಟಿಲ್ಲ. ಆದರೂ ಕಿವಿಗೆ ಒಪ್ಪುವುದಿಲ್ಲ, ಏಕೆಂದರೆ ಜೋಡಿ ತಪ್ಪಿದೆ.

ಇದನ್ನು ಕಲಿಸಲು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ಬಗೆಯ ಅಭ್ಯಾಸ: ಕ್ರಿಯಾಪದದ ಜಾಗದಲ್ಲಿ ಗೆರೆ, ಮೇಲೆ ನಾಲ್ಕು ಆಯ್ಕೆ, ಸರಿಯಾದುದನ್ನು ತುಂಬಿರಿ. ಈ ಅಭ್ಯಾಸವನ್ನು ನಾವು ಮಾಡುವ ಕ್ರಮದಲ್ಲೇ ಒಂದು ತೊಡಕಿದೆ. ಗೊತ್ತಿಲ್ಲದಿದ್ದರೂ ಏನಾದರೊಂದು ತುಂಬಿ, ಆಮೇಲೆ ಉತ್ತರ ನೋಡಿ, ತಪ್ಪಿದ್ದರೆ ಗೆರೆ ಎಳೆದು ಮೇಲೆ ಸರಿ ಬರೆಯುತ್ತೇವೆ. ವಾರ ಕಳೆದ ಮೇಲೆ ನೆನಪಿಗೆ ಬರುವುದು ಎಷ್ಟೋ ಸಲ ನಾವೇ ಕೈಯಾರೆ ಬರೆದ ಆ ತಪ್ಪು ಜೋಡಿ. ಭಾಷಾ ಕಲಿಕೆಯ ಸಂಶೋಧಕ ಫ್ರಾಂಕ್ ಬೋಯರ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಅಭ್ಯಾಸಗಳನ್ನೇ ಪರೀಕ್ಷಿಸಿದ್ದರು. ಕಲಿಕೆಯ ಲಾಭ ಸಣ್ಣದಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಮೊದಲು ಸರಿಯಾಗಿ ಉತ್ತರಿಸಿದ್ದ ಕೆಲವು ಜೋಡಿಗಳನ್ನು ಅಭ್ಯಾಸದ ನಂತರ ವಿದ್ಯಾರ್ಥಿಗಳು ತಪ್ಪಾಗಿ ಬರೆದಿದ್ದರು. ನಾಲ್ಕು ಕ್ರಿಯಾಪದಗಳನ್ನು ಒಟ್ಟಿಗೆ ಎದುರಿಟ್ಟುಕೊಂಡು ಊಹಿಸುತ್ತ ಹೋದರೆ ಗಟ್ಟಿಯಿದ್ದದ್ದೂ ಅಲುಗಾಡುತ್ತದೆ. ಹಾಗೆಂದು ಅಭ್ಯಾಸವನ್ನೇ ಬಿಡಬೇಕಾಗಿಲ್ಲ, ಮಾಡುವ ಕ್ರಮ ಬದಲಿಸಿದರೆ ಸಾಕು.

ಮೊದಲು ನಾಮಪದದ ಮೇಲೆ ಬೆರಳಿಡಿ

ಮೇಲಿನ ನಾಲ್ಕು ಆಯ್ಕೆಗಳನ್ನು ಕಾಗದದಿಂದ ಮುಚ್ಚಿ. ವಾಕ್ಯದಲ್ಲಿ ಗೆರೆಯ ನಂತರ ಬರುವ ನಾಮಪದವನ್ನು ಹುಡುಕಿ, ಅದರ ಕೆಳಗೆ ಗೀಟೆಳೆಯಿರಿ. ಕ್ರಿಯಾಪದವನ್ನು ಆರಿಸುವುದು ಅದೇ. ಈ ಜೋಡಿಗಳಲ್ಲಿ ‘ಮೇಕ್’, ‘ಟೇಕ್’ ಮುಂತಾದವುಗಳಿಗೆ ಸ್ವಂತ ಅರ್ಥ ತುಂಬ ತೆಳುವಾಗಿರುತ್ತದೆ. ‘ಟೇಕ್ ಎ ರಿಸ್ಕ್’ ಎಂದಾಗ ಯಾರೂ ಕೈ ಚಾಚಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅರ್ಥವೆಲ್ಲ ‘ರಿಸ್ಕ್’ ಎಂಬಲ್ಲಿದೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ‘ಮೇಕ್’ ಎಂದು ತಲೆಬರಹ ಹಾಕಿ ಕೆಳಗೆ ಇಪ್ಪತ್ತು ಪದ ಪಟ್ಟಿ ಮಾಡುವುದಕ್ಕಿಂತ ನಾಮಪದದ ಹೆಸರಿನಲ್ಲೇ ಪುಟ ತೆರೆಯುವುದು ಒಳ್ಳೆಯದು.

ಹಾಗೆ ಮಾಡಿದರೆ ಏನು ಕಾಣುತ್ತದೆ ಎಂಬುದಕ್ಕೆ ‘ಟೈಮ್’ ಎಂಬ ಒಂದೇ ಪದ ನೋಡಿ. ‘ಹ್ಯಾವ್ ಟೈಮ್’ ಎಂದರೆ ಸಮಯವಿದೆ. ‘ಮೇಕ್ ಟೈಮ್’ ಎಂದರೆ ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವುದು. ‘ಟೇಕ್ ಟೈಮ್’ ಎಂದರೆ ಸಮಯ ಹಿಡಿಯುವುದು. ‘ಡೂ ಟೈಮ್’ ಎಂದರೆ ಸೆರೆವಾಸ ಅನುಭವಿಸುವುದು! ನಾಲ್ಕೂ ಸರಿಯಾದ ಇಂಗ್ಲಿಷ್, ನಾಲ್ಕೂ ಬೇರೆ ಮಾತು. ಇಂಥ ಪುಟವನ್ನು ಒಮ್ಮೆ ಬರೆದವರು ‘ಯಾವುದಾದರೂ ನಡೆಯುತ್ತದೆ’ ಎಂದು ಮತ್ತೆ ಹೇಳಲಾರರು.

ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ

ಜೋಡಿ ನೆನಪಿಗೆ ಬಾರದಿದ್ದಾಗ ಆಧಾರಕ್ಕೆ ಒಂದು ಸೂತ್ರವಿದೆ. ಕೆಲಸ ಮುಗಿದಾಗ ಮೊದಲಿಲ್ಲದ ಏನೋ ಒಂದು ಹುಟ್ಟಿದೆಯೇ ಎಂದು ಕೇಳಿಕೊಳ್ಳಿ. ಹುಟ್ಟಿದ್ದರೆ ಹೆಚ್ಚಾಗಿ ‘ಮೇಕ್’: ಕೇಕ್, ಸದ್ದು, ಪಟ್ಟಿ, ಯೋಜನೆ. ಮಾತಿನಿಂದ ಹುಟ್ಟುವ ವಾಗ್ದಾನ, ‘ಸಜೆಶನ್’ ಎಂಬರ್ಥದ ಸಲಹೆ, ದೂರುಗಳಿಗೂ ‘ಮೇಕ್’. ಏನೂ ಹುಟ್ಟದೆ ಬರೀ ಒಂದು ಕೆಲಸ ನಡೆದು ಮುಗಿದರೆ ಹೆಚ್ಚಾಗಿ ‘ಡೂ’: ಹೋಮ್‌ವರ್ಕ್, ವ್ಯಾಯಾಮ, ಸಂಶೋಧನೆ. ಮನೆಯ ದಿನನಿತ್ಯದ ಕೆಲಸಗಳು ‘ದ ಶಾಪಿಂಗ್’, ‘ದ ಕ್ಲೀನಿಂಗ್’, ‘ದ ವಾಷಿಂಗ್’ ಎಂಬ ರೂಪದಲ್ಲಿ ಬಂದರೆ ಅನುಮಾನವೇ ಬೇಡ, ‘ಡೂ’ ಬರೆಯಿರಿ. ನನಗೆ ಗೊತ್ತಿರುವ ಸೂತ್ರಗಳಲ್ಲಿ ಇದರಷ್ಟು ನಂಬಬಹುದಾದದ್ದು ಇನ್ನೊಂದಿಲ್ಲ.

ಮೊದಲಿನ ಸೂತ್ರ ಮಾತ್ರ ಬೇಗ ಸೋಲುತ್ತದೆ. ಪ್ರಯತ್ನಕ್ಕೆ ‘ಮೇಕ್ ಆ್ಯನ್ ಎಫರ್ಟ್’, ಅದೇ ಶಕ್ತಿಮೀರಿ ಪ್ರಯತ್ನಿಸುವುದಕ್ಕೆ ‘ಡೂ ಯುವರ್ ಬೆಸ್ಟ್’. ಎದ್ದ ಮೇಲೆ ಹಾಸಿಗೆ ಸರಿಪಡಿಸುವುದು ದಿನನಿತ್ಯದ ಕೆಲಸವೇ, ಹೊಸದೇನೂ ಹುಟ್ಟುವುದಿಲ್ಲ; ಆದರೂ ‘ಮೇಕ್ ದ ಬೆಡ್’. ಇಲ್ಲಿ ಕಾರಣ ಹುಡುಕುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಹೀಗೆ ಸೂತ್ರಕ್ಕೆ ಸಿಗದವನ್ನು ಇಡಿಯಾಗಿ, ಒಂದೇ ಪದವೆಂಬಂತೆ ಬಾಯಿಗೆ ಹತ್ತಿಸಿಕೊಳ್ಳಬೇಕು.

‘ಟೇಕ್’ ಮತ್ತು ‘ಹ್ಯಾವ್’ ನಡುವಿನ ತೊಡಕು ಬೇರೆ ಬಗೆಯದು. ಅಲ್ಲಿ ಕೆಲವೆಡೆ ಎರಡೂ ಸರಿ. ಸ್ನಾನ, ವಿರಾಮ, ಒಮ್ಮೆ ಕಣ್ಣು ಹಾಯಿಸುವುದು ಇಂಥವಕ್ಕೆ ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್’ ಎನ್ನುತ್ತಾರೆ, ಅಮೆರಿಕನ್ನರು ‘ಟೇಕ್’ ಎನ್ನುತ್ತಾರೆ. ನಿರ್ಧಾರಕ್ಕೆ ‘ಮೇಕ್’ ಎಲ್ಲೆಡೆ ನಡೆಯುತ್ತದೆ, ಬ್ರಿಟಿಷ್ ಬಳಕೆಯಲ್ಲಿ ‘ಟೇಕ್’ ಕೂಡ ಉಂಟು. ಇವುಗಳಲ್ಲಿ ಒಂದನ್ನು ತಪ್ಪೆಂದು ಹೊಡೆದುಹಾಕುವ ಉತ್ತರ ಪಟ್ಟಿಯನ್ನು ನಂಬಬೇಡಿ. ಅಲ್ಲಿ ಎಡವಿರುವುದು ಪಟ್ಟಿ ಬರೆದವರು. ಆದರೆ ಫೋಟೋ ತೆಗೆಯುವುದು, ರಿಸ್ಕ್ ತೆಗೆದುಕೊಳ್ಳುವುದು, ಔಷಧಿ ಸೇವಿಸುವುದು, ಜವಾಬ್ದಾರಿ ವಹಿಸಿಕೊಳ್ಳುವುದು ಇವಕ್ಕೆ ‘ಟೇಕ್’ ಒಪ್ಪುತ್ತದೆ. ಸಂಭಾಷಣೆ, ಜಗಳ, ಕನಸು, ತಲೆನೋವು ಇವಕ್ಕೆ ‘ಹ್ಯಾವ್’.

ಒಂದು ಪುಟ, ಎಂಟು ಗೆರೆ

ನಾನು ತಿದ್ದಿದ ಒಂದು ಪುಟವನ್ನು ಇಲ್ಲಿ ಬಿಡಿಸಿಡುತ್ತೇನೆ. ಎಂಟು ವಾಕ್ಯಗಳಲ್ಲಿ ಕ್ರಿಯಾಪದ ಬಿಟ್ಟಿತ್ತು. ನಾಮಪದಗಳು ಕ್ರಮವಾಗಿ ಮಿಸ್ಟೇಕ್, ಹೋಮ್‌ವರ್ಕ್, ಲಂಚ್, ಫೋನ್ ಕಾಲ್, ನೋಟ್ಸ್, ಹೆಡೇಕ್, ರಿಸ್ಕ್, ಫೇವರ್. ಬರೆದಾಕೆ ಹೋಮ್‌ವರ್ಕಿಗೆ ‘ಡಿಡ್’, ಫೋನ್ ಕಾಲಿಗೆ ‘ಮೇಡ್’, ರಿಸ್ಕಿಗೆ ‘ಟುಕ್’ ತುಂಬಿದ್ದಳು. ಮೂರೂ ಸರಿ. ನೋಟ್ಸಿಗೆ ‘ಟುಕ್’ ಹಾಕಿದ್ದಳು. ವಾಕ್ಯದಲ್ಲಿದ್ದದ್ದು ಉಪನ್ಯಾಸ ಕೇಳುತ್ತ ಬರೆದುಕೊಂಡ ಟಿಪ್ಪಣಿಯಾದ್ದರಿಂದ ಅದೂ ಸರಿ. ಪುಸ್ತಕ ಓದಿ ಸ್ವಂತ ಭಾಷಣಕ್ಕೆ ಟಿಪ್ಪಣಿ ಸಿದ್ಧಪಡಿಸುವ ವಾಕ್ಯವಾಗಿದ್ದರೆ ‘ಮೇಡ್ ನೋಟ್ಸ್’ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು.

ಉಳಿದ ನಾಲ್ಕು ತಪ್ಪುಗಳು ಒಂದೇ ಮೂಲದವಲ್ಲ. ‘ಡಿಡ್ ಎ ಮಿಸ್ಟೇಕ್’ ನೇರವಾಗಿ ನಮ್ಮ ‘ತಪ್ಪು ಮಾಡು’ ಎಂಬುದರಿಂದ ಬಂದದ್ದು. ‘ಮೇಡ್ ಎ ಫೇವರ್’ ಹಾಗಲ್ಲ. ಉಪಕಾರ ಮಾಡುವುದಕ್ಕೆ ‘ಡೂ ಎ ಫೇವರ್’ ಎಂದೇ ಆಗಬೇಕು. ‘ಡೂ’ ಬಹಳ ಸಲ ತಪ್ಪಾಗುತ್ತದೆ ಎಂದು ಕೇಳಿ ಹೆದರಿದವರು ‘ಡೂ’ ಬೇಕಾದಲ್ಲೂ ‘ಮೇಕ್’ ಹಾಕುತ್ತಾರೆ. ‘ಟುಕ್ ಎ ಹೆಡೇಕ್’ ಶುದ್ಧ ಊಹೆ. ತಲೆನೋವು ನಮ್ಮಲ್ಲಿ ಬರುತ್ತದೆ, ಯಾರೂ ಅದನ್ನು ಮಾಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ; ಕನ್ನಡದಿಂದ ದಾರಿ ಸಿಗದಿದ್ದಾಗ ಆಯ್ಕೆಗಳಲ್ಲಿ ಒಂದನ್ನು ಎತ್ತಿ ಇಟ್ಟಿದ್ದಾಳೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಲಂಚ್. ಆಕೆ ‘ಮೇಡ್ ಲಂಚ್’ ಎಂದು ಬರೆದಿದ್ದಳು. ಜೋಡಿಯಾಗಿ ಅದು ತಪ್ಪಲ್ಲ, ಆದರೆ ಅದರ ಅರ್ಥ ಅಡುಗೆ ಮಾಡಿದೆ ಎಂದು. ವಾಕ್ಯದಲ್ಲಿದ್ದದ್ದು ಒಂದು ಗಂಟೆಗೆ ಸ್ನೇಹಿತರ ಜೊತೆ ಊಟ ಮಾಡಿದ ಮಾತು, ಅಲ್ಲಿಗೆ ‘ಹ್ಯಾಡ್ ಲಂಚ್’ ಬೇಕು. ಕನ್ನಡದಲ್ಲಿ ಅಡುಗೆ, ಊಟ ಎಂದು ನಾಮಪದ ಬದಲಾಗಿ ‘ಮಾಡು’ ಹಾಗೆಯೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಲಂಚ್’ ಹಾಗೆಯೇ ನಿಂತು ಕ್ರಿಯಾಪದ ಬದಲಾಗುತ್ತದೆ. ಇಂಥ ತಪ್ಪು ಬರೆದವರ ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ವಾಕ್ಯ ಸರಿಯಾಗಿಯೇ ಕೇಳಿಸುತ್ತದೆ. ಆದ್ದರಿಂದ ತುಂಬಿದ ಮೇಲೆ ಆ ಜೋಡಿಯನ್ನಷ್ಟೇ ಕನ್ನಡದಲ್ಲಿ ಹೇಳಿಕೊಂಡು, ಇಡೀ ವಾಕ್ಯಕ್ಕೆ ಅದು ಹೊಂದುತ್ತದೆಯೇ ಎಂದು ನೋಡಬೇಕು.

ಗೊತ್ತಿಲ್ಲದಿದ್ದರೆ ಖಾಲಿ ಬಿಡಿ

ತುಂಬುವಾಗ ಖಚಿತವಿರುವುದನ್ನು ಮಾತ್ರ ಬರೆಯಿರಿ. ಸೂತ್ರದಿಂದ ಹೊಳೆದದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಎರಡೂ ಇಲ್ಲದಿದ್ದರೆ ಗೆರೆ ಖಾಲಿ ಇರಲಿ. ಆ ಕೂಡಲೇ ನಿಘಂಟು ತೆರೆದು ನಾಮಪದದಡಿ ಹುಡುಕಿ. ‘ಮೇಕ್’ ಪದದಡಿ ಹುಡುಕಿದರೆ ಪುಟಗಟ್ಟಲೆ ಅರ್ಥಗಳ ನಡುವೆ ಕಳೆದುಹೋಗುತ್ತೀರಿ, ‘ಫೇವರ್’ ಅಡಿ ಹುಡುಕಿದರೆ ಉದಾಹರಣೆ ವಾಕ್ಯದಲ್ಲೇ ಜೋಡಿ ಸಿಗುತ್ತದೆ. ಸಿಕ್ಕ ಮೇಲೆ ಖಾಲಿ ಗೆರೆಯಲ್ಲಿ ಕ್ರಿಯಾಪದವನ್ನಷ್ಟೇ ತುಂಬಿ ಮುಂದೆ ಹೋಗಬೇಡಿ, ‘ಡೂ ಸಮ್‌ಒನ್ ಎ ಫೇವರ್’ ಎಂದು ಇಡೀ ಜೋಡಿಯನ್ನು ಟಿಪ್ಪಣಿ ಪುಸ್ತಕದ ಆ ನಾಮಪದದ ಪುಟದಲ್ಲಿ ಬರೆಯಿರಿ.

ಆದರೂ ತಪ್ಪಾದರೆ, ತಪ್ಪಿನ ಮೇಲೆ ಸರಿಯನ್ನು ಬರೆಯಬೇಡಿ. ಹಾಗೆ ಬರೆದರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಯಾವುದು ಯಾವುದೆಂದು ಮುಂದೆ ನೆನಪಿರುವುದಿಲ್ಲ. ಪೂರ್ತಿ ಅಳಿಸಿ, ಹೊಸ ಸಾಲಿನಲ್ಲಿ ಇಡೀ ವಾಕ್ಯವನ್ನು ಮತ್ತೆ ಬರೆದು ಎರಡು ಮೂರು ಸಲ ಗಟ್ಟಿಯಾಗಿ ಓದಿ. ಒಂದು ಕೂರಿಕೆಗೆ ಎಂಟು ಹತ್ತು ಜೋಡಿ ಸಾಕು. ‘ಮೇಕ್’, ‘ಡೂ’ ಎರಡನ್ನೂ ಒಂದೇ ದಿನ ಹೊಸದಾಗಿ ಕಲಿಯುವುದಕ್ಕಿಂತ ಒಂದನ್ನು ಗಟ್ಟಿ ಮಾಡಿಕೊಂಡು ಕೆಲವು ದಿನಗಳ ನಂತರ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು. ಬೆರೆಸಿದ ಅಭ್ಯಾಸ ಆಮೇಲೆ ಬರಲಿ.

ಮರುದಿನ, ಮತ್ತೆ ವಾರದ ನಂತರ, ಪುಟ ಮುಚ್ಚಿಟ್ಟು ಕನ್ನಡದಿಂದ ಕೇಳಿಕೊಳ್ಳಿ: ಉಪಕಾರ ಮಾಡು? ಫೋಟೋ ತೆಗೆ? ಬಾಯಿಗೆ ತಡೆಯಿಲ್ಲದೆ ಬಂದರೆ ಕೊನೆಯದೊಂದು ಪರೀಕ್ಷೆ ಉಳಿದಿದೆ. ನಾಮಪದವನ್ನು ಮುಂದಕ್ಕೆ ತಂದು, ಕ್ರಿಯಾಪದವನ್ನು ದೂರ ಇಟ್ಟು ವಾಕ್ಯ ಕಟ್ಟಿ. ‘ಐ ಮೇಡ್ ಎ ಮಿಸ್ಟೇಕ್’ ಎಂದು ಸರಿಯಾಗಿ ಹೇಳುವವರೇ ‘ದ ಮಿಸ್ಟೇಕ್ಸ್ ಐ ಡಿಡ್ ಲಾಸ್ಟ್ ಇಯರ್’ ಎಂದು ಬರೆದುಬಿಡುತ್ತಾರೆ. ಎರಡು ಪದ ಪಕ್ಕಪಕ್ಕದಲ್ಲಿ ಇಲ್ಲದಿದ್ದಾಗ ‘ಮಾಡು’ ಸದ್ದಿಲ್ಲದೆ ಮರಳುತ್ತದೆ. ಕಲಿತ ಪ್ರತಿ ಜೋಡಿಗೂ ಇಂಥ ಒಂದು ವಾಕ್ಯ ಬರೆದು ನೋಡಿ, ನಾನು ತೆಗೆದ ಫೋಟೋ, ನೀನು ಮಾಡಿದ ಉಪಕಾರ, ನಿನ್ನೆ ನಡೆದ ಸಂಭಾಷಣೆ ಎಂಬ ಧಾಟಿಯಲ್ಲಿ. ಅಲ್ಲಿಯೂ ‘ಟುಕ್’, ‘ಡಿಡ್’, ‘ಹ್ಯಾಡ್’ ತಾವಾಗಿ ಬಂದವೆಂದರೆ ಆ ಜೋಡಿಗೆ ಇನ್ನು ಬಿಟ್ಟ ಸ್ಥಳ ತುಂಬುವ ಅಭ್ಯಾಸ ಬೇಕಾಗಿಲ್ಲ.