ರಷ್ಯನ್ ಕೈಬರಹ ಓದುವುದು ಹೇಗೆ? ಕೊಕ್ಕೆ ಹುಡುಕಿ, ಗೆರೆ ಎಣಿಸಿ

ಅಚ್ಚಿನ ಸಿರಿಲಿಕ್ ಅಕ್ಷರಗಳನ್ನು ಸರಾಗವಾಗಿ ಓದುವವರೂ ರಷ್ಯನ್ನರ ಕೈಬರಹ ಎದುರಾದರೆ ತಡವರಿಸುತ್ತಾರೆ. ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲಿನ ಬರಹ, ಆಸ್ಪತ್ರೆಯ ಕೇಸ್ ಶೀಟ್ ಎರಡೂ ಮೊದಮೊದಲು ಒಗಟಿನಂತೆ ಕಾಣುತ್ತವೆ. ಇದಕ್ಕೆ ಕಾರಣ ಎರಡು. ಕೆಲವು ಅಕ್ಷರಗಳು ಕೈಬರಹದಲ್ಲಿ ಪೂರ್ತಿ ಬೇರೆ ರೂಪ ತಾಳುತ್ತವೆ. ಉಳಿದವುಗಳಲ್ಲಿ ಹಲವು, ಬಲಕ್ಕೆ ವಾಲಿದ ಒಂದೇ ಬಗೆಯ ಗಿಡ್ಡ ಗೆರೆಯಿಂದ ಕಟ್ಟಿದವು. ಮೊದಲನೆಯದನ್ನು ಬಾಯಿಪಾಠ ಮಾಡಿ ದಾಟಬಹುದು. ಎರಡನೆಯದಕ್ಕೆ ಕ್ರಮವಾಗಿ ಓದುವ ಅಭ್ಯಾಸ ಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು, ವೇಷ ಬದಲಿಸುವ ಅಕ್ಷರಗಳು

ಕಂಪ್ಯೂಟರಿನಲ್ಲಿ ದಪ್ಪ-ತೆಳು ಗೆರೆಗಳುಳ್ಳ ಯಾವುದಾದರೂ ಪುಸ್ತಕದ ಫಾಂಟ್ ಆರಿಸಿ, ಕೆಲವು ರಷ್ಯನ್ ಪದಗಳನ್ನು ಟೈಪ್ ಮಾಡಿ, ಇಟಾಲಿಕ್ ಮಾಡಿ. ಅಕ್ಷರಗಳು ಬರೀ ವಾಲುವುದಿಲ್ಲ, ರೂಪವನ್ನೇ ಬದಲಿಸುತ್ತವೆ. т ಇಂಗ್ಲಿಷಿನ ಸಣ್ಣ ಎಮ್ ಆಗುತ್ತದೆ, и ಯು ಆಗುತ್ತದೆ, п ಎನ್ ಆಗುತ್ತದೆ, г ತಿರುಗಿಸಿಟ್ಟ ಎಸ್‌ನಂತೆ ಬಳುಕುತ್ತದೆ. ಕೈಬರಹದಲ್ಲೂ ಇವು ಹೀಗೆಯೇ. ಕೈಬರಹದ д ಮಾತ್ರ ಕೆಳಗೆ ಕುಣಿಕೆ ಇಳಿಬಿಟ್ಟ ಜಿ. ಕೆಲವು ಫಾಂಟ್‌ಗಳಲ್ಲಿ ಅಚ್ಚಿನ ರೂಪವೇ ಸ್ವಲ್ಪ ಓರೆಯಾಗುತ್ತದೆ ಅಷ್ಟೆ. ಅಂಥದ್ದು ಸಿಕ್ಕರೆ ಬೇರೆ ಫಾಂಟ್ ಹಾಕಿ ನೋಡಿ.

ಇಲ್ಲಿ ನಮ್ಮ ಕಾಲೆಳೆಯುವುದು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಕೂಡುಬರಹ. ದಿನಾಂಕ ಎಂಬ ಅರ್ಥದ дата ಪದವನ್ನು ಕೈಯಲ್ಲಿ ಬರೆದಾಗ ಅದು ಇಂಗ್ಲಿಷಿನ 'ಗಾಮಾ' ಎಂಬಂತೆ ಕಾಣುತ್ತದೆ. ಕಣ್ಣು ಮೂರು ಕಮಾನಿನ ಅಕ್ಷರವನ್ನು ಕಂಡ ಕೂಡಲೇ 'ಮ' ಎನ್ನುತ್ತದೆ. ರಷ್ಯನ್ನಿನ 'ಮ' ಬೇರೆಯೇ ಇದೆ, ಅದಕ್ಕೆ ಮುಂದೆ ಬರೋಣ. ಸದ್ಯಕ್ಕೆ ಇಷ್ಟು ನೆನಪಿರಲಿ: ದುಂಡು ತಲೆಯ ಕಮಾನು ಒಂದಿದ್ದರೆ г, ಎರಡಿದ್ದರೆ п, ಮೂರಿದ್ದರೆ т.

ಇದಾದ ಮೇಲೆ ಒಂದು ಓರೆಗೆರೆಯ ನೋಟ್‌ಬುಕ್‌ನಲ್ಲಿ, ಅದಿಲ್ಲದಿದ್ದರೆ ಸಾಮಾನ್ಯ ಗೆರೆ ಹಾಳೆಯಲ್ಲಿ, ನೀವೇ ಬರೆಯಬೇಕು. ರಷ್ಯಾದ ಮಕ್ಕಳು 'ಪ್ರೋಪಿಸಿ' ಎಂಬ ಕಾಪಿ ಪುಸ್ತಕದಲ್ಲಿ ತಿದ್ದಿ ಕಲಿಯುತ್ತಾರೆ. ಅಕ್ಷರ ಚೆಂದವಾಗಲಿ ಎಂದು ಅಲ್ಲ, ಪೆನ್ನು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಕೈಗೆ ತಿಳಿಯಲಿ ಎಂದು ನೀವು ತಿದ್ದಬೇಕು. ಅವಸರದ ಬರಹದಲ್ಲಿ ಅಕ್ಷರದ ಆಕಾರ ಅಳಿಸಿಹೋದರೂ ಪೆನ್ನು ಸಾಗಿದ ದಾರಿ ಉಳಿದಿರುತ್ತದೆ.

ಕೊಕ್ಕೆ, ಬಾಲ, ಅಡ್ಡಗೆರೆ

ಈಗ ನಿಜವಾದ ತೊಡಕು. и ಎಂದರೆ ಎರಡು ಇಳಿಗೆರೆ, ш ಎಂದರೆ ಮೂರು. ಎರಡರಲ್ಲೂ ಗೆರೆಗಳು ಬುಡದಲ್ಲಿ ದುಂಡಾಗಿ ತಿರುಗಿ ಮೇಲೇರುತ್ತವೆ, ಮುಂದಿನ ಅಕ್ಷರಕ್ಕೆ ಕೂಡುವ ಗೆರೆಯೂ ಹಾಗೆಯೇ ಇರುತ್ತದೆ. ಹೀಗಾಗಿ и ಎಲ್ಲಿ ಮುಗಿಯಿತು, ш ಎಲ್ಲಿ ಶುರುವಾಯಿತು ಎಂದು ತೋರಿಸುವ ಗುರುತೇ ಇರುವುದಿಲ್ಲ. ಕನ್ನಡದಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟುವುದಿಲ್ಲವಾದ್ದರಿಂದ ಈ ಬಗೆಯ ಗೊಂದಲ ನಮಗೆ ಹೊಸದು.

ಗುರುತಿರುವ ಅಕ್ಷರಗಳನ್ನು ಮೊದಲು ಹಿಡಿಯಿರಿ. ಎಲ್ಲಕ್ಕಿಂತ ಮುಖ್ಯವಾದುದು ಕೊಕ್ಕೆ. л, м, я ಈ ಮೂರೂ ಸಾಲಿನ ಬುಡದಲ್ಲಿ ಒಂದು ಪುಟ್ಟ ಕೊಕ್ಕೆಯಿಂದಲೇ ಶುರುವಾಗುತ್ತವೆ. ಕೊಕ್ಕೆ, ಏರು, ಇಳಿಗೆರೆ ಒಂದು ಬಂದರೆ л. ಕೊಕ್ಕೆಯ ನಂತರ ಏರಿ ಇಳಿದು ಮತ್ತೆ ಏರಿ ಇಳಿದರೆ м. м ಅಕ್ಷರದ ತುದಿಗಳು ಚೂಪು, т ಅಕ್ಷರದ ಕಮಾನುಗಳು ದುಂಡು. там ಎಂದು ಒಮ್ಮೆ ಬರೆದು ನೋಡಿ. ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಇರುವ ವ್ಯತ್ಯಾಸ ಒಂದೇ ಪದದಲ್ಲಿ ಎದ್ದು ಕಾಣುತ್ತದೆ. о ಅಕ್ಷರ ಮೇಲ್ಭಾಗದಲ್ಲಿ ಮುಗಿಯುತ್ತದೆ, ಕೊಕ್ಕೆಯಾದರೋ ಬುಡದಲ್ಲಿ ಶುರುವಾಗಬೇಕು. ಅದಕ್ಕಾಗಿ о ನಂತರ л ಅಥವಾ м ಬಂದಾಗ ಹಲವರು ಪೆನ್ನು ಎತ್ತಿ ಹೊಸದಾಗಿ ಶುರುಮಾಡುತ್ತಾರೆ. ಪದದ ನಡುವೆ ಕಾಣುವ ಆ ಸಣ್ಣ ಸಂದನ್ನು ಎರಡು ಪದಗಳ ನಡುವಿನ ಜಾಗ ಎಂದುಕೊಳ್ಳಬೇಡಿ.

ಆಮೇಲೆ ಸಾಲಿನ ಕೆಳಗಿಳಿಯುವ ಬಾಲಗಳು. ಎರಡು ಇಳಿಗೆರೆಯ ನಂತರ ಪುಟ್ಟ ಬಾಲವಿದ್ದರೆ ц, ಮೂರರ ನಂತರವಿದ್ದರೆ щ. ಉದ್ದ ಕುಣಿಕೆ ಕೆಳಗಿಳಿದಿದ್ದರೆ ಅದು д, у ಅಥವಾ з: ತಲೆ ಮುಚ್ಚಿದ ವೃತ್ತವಾದರೆ д, ತೆರೆದಿದ್ದರೆ у. ಸಾಲಿನ ಮೇಲಕ್ಕೆ ಚಾಚಿದ ಅಕ್ಷರಗಳು ಇನ್ನೂ ಸುಲಭ. ಕುಣಿಕೆಯಾಗಿ ಏರಿ ಇಳಿದರೆ в, ಏರಿದ ಬಾಲ ಬಲಕ್ಕೆ ಬಾಗಿ ಅಲ್ಲಿಯೇ ನಿಂತರೆ б.

ಕೊನೆಗೆ ಅಡ್ಡಗೆರೆ. ಗೊಂದಲ ತಪ್ಪಿಸಲು ಬಹಳ ಜನ т ಮೇಲೆ ಒಂದು ಅಡ್ಡಗೆರೆ, ш ಕೆಳಗೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಓದುವವರ ಮೇಲಿನ ಕಾಳಜಿಯಿಂದ ಬಂದ ಒಳ್ಳೆಯ ರೂಢಿ ಇದು, ಕಂಡಲ್ಲಿ ನಂಬಬಹುದು. ಆದರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಏನನ್ನೂ ತೀರ್ಮಾನಿಸುವಂತಿಲ್ಲ, ಎಲ್ಲರೂ ಎಳೆಯುವುದಿಲ್ಲ. ё ಮೇಲಿನ ಚುಕ್ಕಿಗಳನ್ನಂತೂ ಹೆಚ್ಚಿನವರು ಹಾಕುವುದೇ ಇಲ್ಲ.

ಒಂದು ಪದವನ್ನು ಬಿಡಿಸುವ ಬಗೆ

ಕಲಿಯುವವರನ್ನು ಹೆದರಿಸಲು ಎಲ್ಲರೂ ತೋರಿಸುವ ಪದ лишишь, ಲಿಶೀಶ್. 'ನೀನು ವಂಚಿತನಾಗಿಸುವೆ' ಎಂಬ ಅರ್ಥ. ಕೈಬರಹದಲ್ಲಿ ಇದು ಒಂದೇ ಸಮನೆ ಸಾಗುವ ಅಂಕುಡೊಂಕು ಗೆರೆ. ಇದನ್ನೇ ಬಿಡಿಸೋಣ.

ಎರಡೂ ತುದಿಗಳನ್ನು ಮೊದಲು ನೋಡಿ. ಆರಂಭದಲ್ಲಿ ಕೊಕ್ಕೆ ಇದೆ, ಹಾಗಾಗಿ л ಅಥವಾ м. ಕೊನೆಯ ಇಳಿಗೆರೆಯ ಬುಡದಲ್ಲಿ ಮುಚ್ಚಿದ ಹೊಟ್ಟೆ ಇದೆ, ಅದು ь. ಈಗ ಪೆನ್ಸಿಲ್ ತುದಿಯಿಂದ ಇಳಿಗೆರೆಗಳನ್ನು ಮಾತ್ರ ಎಣಿಸಿ. ಮೇಲೇರುವ ಕೂಡುಗೆರೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಟ್ಟು 12 ಬರುತ್ತವೆ. ಮೊದಲನೆಯದು л ಎಂದು, ಕೊನೆಯದು ь ಎಂದು ತೆಗೆದಿಟ್ಟರೆ ನಡುವೆ 10 ಉಳಿದವು.

ಇನ್ನು ವ್ಯಾಕರಣ ಕೈಹಿಡಿಯುತ್ತದೆ. ь ಸ್ವರದ ನಂತರ ಬರುವುದಿಲ್ಲ, ಆದ್ದರಿಂದ ಅದರ ಹಿಂದಿನದು и ಆಗಲಾರದು. 'ನೀನು' ಎಂಬ ಕರ್ತೃವಿಗೆ ಹೊಂದುವ ಕ್ರಿಯಾಪದ -шь ಎಂದೇ ಮುಗಿಯುತ್ತದೆ. ಹಾಗಾಗಿ ಕೊನೆಯ 3 ಗೆರೆ ш. ಉಳಿದ 7 ಗೆರೆಗಳನ್ನು ಎರಡೆರಡು, ಮೂರುಮೂರಾಗಿ ಒಡೆಯುವುದಕ್ಕೆ ಮೂರೇ ದಾರಿ: 2-2-3, 2-3-2, 3-2-2. ಮೊದಲನೆಯದರಲ್ಲಿ ಎರಡು и ಪಕ್ಕಪಕ್ಕ ಬಂದು, ಆಮೇಲೆ ಎರಡು ш ಕೂಡುತ್ತವೆ. ಮೂರನೆಯದರಲ್ಲಿ л ಬೆನ್ನಿಗೇ ш ಬಂದು, ಆಮೇಲೆ ಎರಡು и. ಇವೆರಡೂ ರಷ್ಯನ್ ಪದದ ನಡೆಗೆ ಹೊಂದುವುದಿಲ್ಲ. ಉಳಿದದ್ದು 2-3-2, ಅಂದರೆ и-ш-и. ಆರಂಭದ ಅಕ್ಷರ м ಇರಬಹುದೇ ಎಂಬ ಅನುಮಾನವನ್ನೂ ಪರೀಕ್ಷಿಸಿ: м ಎರಡು ಗೆರೆ ನುಂಗುವುದರಿಂದ 7ರ ಬದಲು 6 ಉಳಿಯುತ್ತವೆ. ಅವುಗಳಿಂದ ಮೂರು и ಅಥವಾ ಎರಡು ш ಮಾತ್ರ ಬರುತ್ತವೆ. ಎರಡೂ ಪದವಾಗುವುದಿಲ್ಲ.

ಇಡೀ ವಿಧಾನದ ತಿರುಳು ಇಲ್ಲಿದೆ: ಪದದ ಕೊನೆಯಿಂದ ಹಿಂದಕ್ಕೆ ಓದುವುದು. ರಷ್ಯನ್ ಪದಗಳ ಬಾಲಗಳು ಎಣಿಕೆಯಷ್ಟೇ. ಕ್ರಿಯಾಪದದ ಮೂಲರೂಪಕ್ಕೆ -ть, ಬಹುವಚನದ ಆಜ್ಞೆಗೆ -те, ತೃತೀಯಾ ಬಹುವಚನಕ್ಕೆ -ми. ಅವು ಮೊದಲೇ ಗೊತ್ತಿದ್ದರೆ ಪದದ ಹಿಂಭಾಗ ಪುಕ್ಕಟೆಯಾಗಿ ಸಿಗುತ್ತದೆ. 'ಬರೆಯಿರಿ' ಎಂಬ пишите ಪದದಲ್ಲಿ ಕೊನೆಯ е ಕಣ್ಣಿನಂಥ ಕುಣಿಕೆಯಿಂದ ಗೊತ್ತಾಗುತ್ತದೆ, ಅದರ ಹಿಂದಿನ 3 ಗೆರೆ т ಎಂದು ಆಜ್ಞಾರೂಪ ಹೇಳುತ್ತದೆ. ರಷ್ಯಾದ ಮಕ್ಕಳು ಕಾಗುಣಿತದಲ್ಲಿ ಕಲಿಯುವ ಇನ್ನೊಂದು ನಿಯಮವೂ ಇದಕ್ಕೆ ನೆರವು: ж ಮತ್ತು ш ನಂತರ ы ಎಂದೂ ಬರೆಯುವುದಿಲ್ಲ, и ಮಾತ್ರ.

ಎಣಿಕೆ ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆ. ಅವಸರದಲ್ಲಿ ಬರೆಯುವವರು ಕೊಕ್ಕೆಯನ್ನು ಚಪ್ಪಟೆ ಮಾಡುತ್ತಾರೆ. ಆಗ ли ಎಂಬುದು ಮೂರು ಗೆರೆಯ ш ಆಗಿ ಕಾಣುತ್ತದೆ. ಇಲ್ಲವೇ п ಮತ್ತು т ಅಕ್ಷರಗಳ ಕಮಾನುಗಳು ಚೂಪಾಗಿ и, ш ಆಗಿಬಿಡುತ್ತವೆ. ನಿಮ್ಮ ಓದಿನಲ್ಲಿ ಮೂರು ವ್ಯಂಜನ ಒಟ್ಟಿಗೆ ಬಂದು ಅದರಲ್ಲೊಂದು ш ಆಗಿದ್ದರೆ, ಅದನ್ನೇ ли ಅಥವಾ т ಎಂದು ಬದಲಿಸಿ ಮತ್ತೆ ಓದಿ.

ಬರೆದವರ ಕೈಯನ್ನು ಮೊದಲು ಪರಿಚಯ ಮಾಡಿಕೊಳ್ಳಿ

ಉದ್ದದ ಪತ್ರವಾದರೆ ಮೊದಲ ಸಾಲಿನಿಂದ ಗುದ್ದಾಡಬೇಡಿ. ಏನಿದೆ ಎಂದು ಮೊದಲೇ ಊಹಿಸಬಹುದಾದ ಜಾಗಗಳಿಗೆ ಹೋಗಿ. ದಿನಾಂಕದಲ್ಲಿ ಇಸವಿಯ ಮುಂದೆ ವರ್ಷ ಎಂಬುದರ ಸಂಕ್ಷೇಪವಾಗಿ г. ಇರುತ್ತದೆ; ಆ ವ್ಯಕ್ತಿಯ г ಹೇಗಿರುತ್ತದೆ ಎಂದು ಅಲ್ಲೇ ತಿಳಿಯಿತು. ತಿಂಗಳು мая ಎಂದಿದ್ದರೆ ಕೊಕ್ಕೆಯ ಎರಡು ಅಕ್ಷರ ಒಟ್ಟಿಗೆ ಸಿಕ್ಕವು. ಸಂಬೋಧನೆಯ Здравствуйте ಪದದಿಂದ д, в, т, у ದೊರೆಯುತ್ತವೆ. ಲಕೋಟೆಯಾದರೆ ಊರಿನ ಹೆಸರನ್ನು ನಕ್ಷೆಯಲ್ಲಿ ತಾಳೆ ನೋಡಬಹುದು. ಹೀಗೆ ಸಿಕ್ಕ ಅಕ್ಷರಗಳನ್ನು ಹಾಳೆಯೊಂದರಲ್ಲಿ ನಕಲು ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಬ್ಬರ ಕೈಬರಹ ತನ್ನೊಳಗೆ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಒಂದು ಕಡೆ ಬಿಡಿಸಿದ т ಪುಟದುದ್ದಕ್ಕೂ ಉಪಯೋಗಕ್ಕೆ ಬರುತ್ತದೆ. ಅಂಕಿಗಳಲ್ಲೂ ಎಚ್ಚರವಿರಲಿ: ರಷ್ಯನ್ನರ 1ಕ್ಕೆ ಎಡಗಡೆ ಉದ್ದನೆಯ ಏರುಗೆರೆ ಇದ್ದು ಅದು ನಮ್ಮ ಕಣ್ಣಿಗೆ 7 ಎನಿಸುತ್ತದೆ. ಅವರ 7ಕ್ಕೆ ಸಾಮಾನ್ಯವಾಗಿ ನಡುವೆ ಅಡ್ಡಗೆರೆ ಇರುತ್ತದೆ.

ಪತ್ರ 1918ರ ಲಿಪಿ ಸುಧಾರಣೆಗಿಂತ ಹಳೆಯದಾದರೆ ವ್ಯಂಜನಾಂತ ಪದಗಳ ಕೊನೆಯಲ್ಲೆಲ್ಲ ъ ಬರುತ್ತದೆ. ಅದು ಉಚ್ಚಾರಕ್ಕಿಲ್ಲ, ಆದರೆ ಪದ ಎಲ್ಲಿ ಮುಗಿಯಿತು ಎಂದು ತೋರಿಸುವುದರಿಂದ ಹೊಸಬರಿಗೆ ಉಪಕಾರವೇ.

ವೈದ್ಯಕೀಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಉಳಿದಿದೆ. ರಷ್ಯಾದ ಔಷಧಿ ಚೀಟಿಯಲ್ಲಿ Rp. ಎಂಬ ಗುರುತಿನ ಮುಂದೆ ಬರುವ ಮದ್ದಿನ ಹೆಸರು ಸಿರಿಲಿಕ್‌ನಲ್ಲಿ ಇರುವುದಿಲ್ಲ, ಲ್ಯಾಟಿನ್‌ನಲ್ಲಿ ಇರುತ್ತದೆ. Paracetamoli ಎಂದು ಬರೆದಿದ್ದನ್ನು ರಷ್ಯನ್ ಕಣ್ಣಿನಿಂದ ಓದಲು ಹೋದರೆ ಮೊದಲ ಅಕ್ಷರ 'ರ' ಆಗುತ್ತದೆ, ನಡುವಿನ ಮೂರು ಕಮಾನು 'ತ' ಆಗುತ್ತದೆ, ಹೆಸರೇ ಕೆಡುತ್ತದೆ. S. ಎಂಬ ಗುರುತಿನ ನಂತರ ಮಾತ್ರ ರಷ್ಯನ್ ಶುರು, ಉದಾಹರಣೆಗೆ По 1 таблетке 3 раза в день, ಅಂದರೆ ದಿನಕ್ಕೆ ಮೂರು ಬಾರಿ ಒಂದೊಂದು ಮಾತ್ರೆ. ಪ್ರಮಾಣದಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಮಾತ್ರೆಯ ಮುಂದೆ ಬರೀ 0,5 ಎಂದಿದ್ದರೆ ಅದು ಗ್ರಾಂ ಲೆಕ್ಕ, 500 ಮಿಲಿಗ್ರಾಂ. ಇಂಥ ಚೀಟಿಯಲ್ಲಿ ಒಂದು ಅಕ್ಷರ ಅನುಮಾನವಾದರೂ ಗೆರೆ ಎಣಿಸುತ್ತ ಕೂರಬಾರದು, ಬರೆದ ವೈದ್ಯರನ್ನೇ ಕೇಳಬೇಕು.