ಚುಕ್ಕೆ ಇಟ್ಟು ಬರೆದ ವೇಳೆಯನ್ನು ಎಕ್ಸೆಲ್‌ನಲ್ಲಿ ಸರಿಯಾದ ಸಮಯವಾಗಿ ಬದಲಿಸುವುದು

ಕಾಫಿ ತೋಟದ ಹಾಜರಿ ಪಟ್ಟಿಯಲ್ಲಿ ಒಂಬತ್ತೂವರೆ ಗಂಟೆಯನ್ನು 9.30 ಎಂದು ಬರೆದಿದ್ದರೆ ಎಕ್ಸೆಲ್ ಅದನ್ನು ಸಮಯವೆಂದು ತಿಳಿಯದೆ ಬರೀ ದಶಮಾಂಶ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆದ್ದರಿಂದ A2 ಕೋಶದಲ್ಲಿ ಅಂತಹ ವೇಳೆ ಇದ್ದಾಗ, ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರವನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ.

```
=TIME(INT(A2),ROUND(MOD(A2,1)*100,0),0)
```

ಚುಕ್ಕೆಯ ಎಡಭಾಗವನ್ನು ಗಂಟೆಯಾಗಿಯೂ ಬಲಭಾಗವನ್ನು ನೂರರಿಂದ ಗುಣಿಸಿ ನಿಮಿಷವಾಗಿಯೂ ಇದು ತೆಗೆದುಕೊಳ್ಳುತ್ತದೆ. ROUND ಅನ್ನು ದಯವಿಟ್ಟು ಬಿಡಬೇಡಿ. ದಶಮಾಂಶದ ಸೂಕ್ಷ್ಮ ವ್ಯತ್ಯಾಸದಿಂದ 29 ನಿಮಿಷ 28 ಆಗಿಬಿಡಬಹುದು. 8.45ಕ್ಕೆ ಕೆಲಸಕ್ಕೆ ಬಂದು 16.30ಕ್ಕೆ ಹೊರಟವರ ಲೆಕ್ಕವನ್ನು ನೇರವಾಗಿ ಕಳೆದರೆ 7.85 ಎಂಬ ಅರ್ಥವಿಲ್ಲದ ಉತ್ತರ ಬರುತ್ತದೆ, ಆದರೆ ಬದಲಿಸಿದ ಕಾಲಂಗಳನ್ನು ಕಳೆದು hh:mm ಫಾರ್ಮ್ಯಾಟ್ ಕೊಟ್ಟರೆ ನಿಜವಾದ 07:45 ಸಿಗುತ್ತದೆ. ಸಂಜೆಯ ನಾಲ್ಕೂವರೆಯನ್ನು 4.30 ಎಂದೇ ಬರೆದಿದ್ದರೆ ಸೂತ್ರ ಅದನ್ನು ಬೆಳಗಿನ ಜಾವವೆಂದೇ ಎಣಿಸುವುದರಿಂದ, ಹೊರಡುವ ವೇಳೆಯ ಕಾಲಂನಲ್ಲಿ ಮಾತ್ರ INT(A2) ಬದಲು INT(A2)+IF(A2<12,12,0) ಎಂದು ಹಾಕಬೇಕು. ‘9.30 AM’ ಎಂಬಂತೆ ಅಕ್ಷರ ಸೇರಿದ್ದರೆ #VALUE! ಕಾಣಿಸುತ್ತದೆ, ಇದನ್ನು ಗುರುತಿಸುವುದು ಸುಲಭ. ಹೆಚ್ಚು ಎಚ್ಚರ ಬೇಕಾದದ್ದು ಒಂಬತ್ತು ಗಂಟೆ ಐದು ನಿಮಿಷವನ್ನು 9.5 ಎಂದು ಬರೆದ ಕಡೆ: ಎಕ್ಸೆಲ್‌ಗೆ 9.5 ಮತ್ತು 9.50 ಎರಡೂ ಒಂದೇ ಆದ್ದರಿಂದ ಅದು ಸದ್ದಿಲ್ಲದೆ 9:50 ಆಗುತ್ತದೆ, ಅದನ್ನು ಮೂಲ ಹಾಜರಿ ಪುಸ್ತಕ ನೋಡಿಯೇ 9.05 ಎಂದು ತಿದ್ದಬೇಕಾಗುತ್ತದೆ.