ಒಂದೇ ಅಂಕದ ಮಕ್ಕಳಿಗೆ ರ‍್ಯಾಂಕ್ ಕೊಡುವಾಗ: ನನ್ನ ಅನುಭವ

ನಮ್ಮ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಏಳನೇ ತರಗತಿ ಮಕ್ಕಳಿಗೆ ನಾವು ಕೆಲವು ಅಧ್ಯಾಪಕರು ಸೇರಿ ಒಂದು ಪ್ರತಿಭಾ ಪರೀಕ್ಷೆ ನಡೆಸುತ್ತೇವೆ. ಕನ್ನಡಕ್ಕೆ 30, ಗಣಿತಕ್ಕೆ 30, ಸಾಮಾನ್ಯ ಜ್ಞಾನಕ್ಕೆ 40, ಒಟ್ಟು ನೂರು. ಅಂಕಪಟ್ಟಿ ಮಾಡುವ ಕೆಲಸ ನನ್ನದು. ನಮ್ಮಲ್ಲಿ ಶಾಲೆಯ ಲ್ಯಾಪ್‌ಟಾಪಿನಲ್ಲಿರುವುದು ಲಿಬ್ರೆಆಫೀಸ್ ಕ್ಯಾಲ್ಕ್. ಮುಂದೆ ಬರೆದ ಸೂತ್ರಗಳು ಎಕ್ಸೆಲ್‌ನಲ್ಲೂ ಹೀಗೇ ನಡೆಯುತ್ತವೆ. ಕ್ಯಾಲ್ಕ್‌ನ ಸೆಟ್ಟಿಂಗ್ ಬೇರೆ ಇದ್ದರೆ ಅಲ್ಪವಿರಾಮದ ಜಾಗದಲ್ಲಿ `;` ಹಾಕಬೇಕಾಗಬಹುದು, ಅಷ್ಟೇ ವ್ಯತ್ಯಾಸ.

ಒಬ್ಬರಿಗೆ 91, ಅವರ ನಂತರದ ಮೂವರಿಗೆ 88 ಬಂತೆನ್ನಿ. `RANK` ಮೂವರಿಗೂ 2 ಕೊಟ್ಟು, ಅವರ ನಂತರದವರಿಗೆ ಸೀದಾ 5 ಕೊಡುತ್ತದೆ. ಇದು ತಪ್ಪಲ್ಲ. ಆದರೆ ದ್ವಿತೀಯ, ತೃತೀಯ ಅಂತ ಬಹುಮಾನ ಒಂದೊಂದೇ ಇರುವಾಗ ಯಾರಿಗೆ ಕೊಡುವುದು? ಒಟ್ಟು ಅಂಕ ಸಮವಾದರೆ ಗಣಿತದಲ್ಲಿ ಹೆಚ್ಚು ಪಡೆದವರು ಮುಂದೆ ಎಂದು ನಾವು ಪರೀಕ್ಷೆಯ ನೋಟೀಸಿನಲ್ಲೇ ಹಾಕಿಬಿಡುತ್ತೇವೆ. ಅಂಕ ನೋಡಿದ ಮೇಲೆ ನಿಯಮ ಮಾಡಹೊರಟರೆ ಯಾವ ಸೂತ್ರವೂ ನಮ್ಮ ಮಾನ ಉಳಿಸುವುದಿಲ್ಲ.

ನನ್ನ ಪಟ್ಟಿಯಲ್ಲಿ A ಕಾಲಮಿನಲ್ಲಿ ನಂಬರ್, B ಕನ್ನಡ, C ಗಣಿತ, D ಸಾಮಾನ್ಯ ಜ್ಞಾನ, E ಒಟ್ಟು. ಅರುವತ್ತು ಮಕ್ಕಳು, ಅಂದರೆ 2ರಿಂದ 61ರವರೆಗಿನ ಸಾಲುಗಳು. F ಮತ್ತು G ಕಾಲಮಿನಲ್ಲಿ ಈ ಎರಡು ಸೂತ್ರಗಳು:

```
=RANK(E2,E$2:E$61,0)
=COUNTIFS(E$2:E$61,E2,C$2:C$61,">"&C2)
```

ಎರಡನೆಯದು ಕೇಳುವ ಪ್ರಶ್ನೆ ಇಷ್ಟೇ: ಇದೇ ಒಟ್ಟು ಅಂಕ ಇದ್ದು, ಗಣಿತದಲ್ಲಿ ಈ ಮಗುವಿಗಿಂತ ಹೆಚ್ಚು ಇರುವವರು ಎಷ್ಟು ಮಂದಿ? ಬಂದ ಸಂಖ್ಯೆಯನ್ನು `RANK`ಗೆ ಕೂಡಿಸಿದರೆ ಅಂತಿಮ ಸ್ಥಾನ. ಹಾಗಾಗಿ H ಕಾಲಮಿನಲ್ಲಿ `=F2+G2`.

ಐದು ಮಕ್ಕಳನ್ನು ತೆಗೆದುಕೊಂಡು ನೋಡೋಣ. 101ನೇ ನಂಬರಿಗೆ ಒಟ್ಟು 91. 102, 103, 104 ಮೂವರಿಗೂ 88. 105ಕ್ಕೆ 85. `RANK` ಕೊಡುವುದು 1, 2, 2, 2, 5. ಇನ್ನು 88ರ ಮೂವರ ಗಣಿತದ ಅಂಕ ಕ್ರಮವಾಗಿ 22, 27, 24. 103ಕ್ಕಿಂತ ಗಣಿತದಲ್ಲಿ ಮುಂದಿರುವವರು ಆ ಗುಂಪಿನಲ್ಲಿ ಯಾರೂ ಇಲ್ಲ, ಅದಕ್ಕೆ 0, ಸ್ಥಾನ 2. 104ಕ್ಕಿಂತ ಒಬ್ಬರು ಮುಂದೆ, ಸ್ಥಾನ 3. 102ಕ್ಕಿಂತ ಇಬ್ಬರು, ಸ್ಥಾನ 4. 105ಕ್ಕೆ ಗಣಿತದಲ್ಲಿ 28 ಇದ್ದರೂ ಅದರ ಸ್ಥಾನ ಐದೇ, ಏಕೆಂದರೆ ಒಟ್ಟು ಅಂಕ ಬೇರೆ ಇರುವವರನ್ನು `COUNTIFS` ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂವರು ಸಮವಾದಾಗ `RANK` ಎರಡು ಸ್ಥಾನ ಖಾಲಿ ಬಿಡುತ್ತದಲ್ಲ, ಆ ಖಾಲಿ ಜಾಗಕ್ಕೇ ಇವರು ಹೋಗಿ ಕೂರುತ್ತಾರೆ. ಐದನೆಯವರನ್ನು ತಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಎರಡನ್ನೂ ಒಂದೇ ಸೂತ್ರದಲ್ಲಿ ಸೇರಿಸಿ ಬರೆಯಬಹುದು. ಒಟ್ಟು ಅಂಕಕ್ಕೆ ಗಣಿತದ ಅಂಕವನ್ನು ಸಾವಿರದಿಂದ ಭಾಗಿಸಿ ಕೂಡಿಸುವ ಉಪಾಯವನ್ನೂ ಕೆಲವರು ಮಾಡುತ್ತಾರೆ, ಅದೂ ನಡೆಯುತ್ತದೆ. ನಾನು ಮಾತ್ರ ಎರಡು ಕಾಲಮುಗಳನ್ನು ಬೇರೆಬೇರೆಯಾಗಿಯೇ ಇಡುತ್ತೇನೆ. ಫಲಿತಾಂಶದ ದಿನ ಯಾರಾದರೂ "ಮಾಷ್ಟ್ರೇ, ಇಬ್ಬರಿಗೂ 88 ಅಲ್ವಾ, ನಮ್ಮವನಿಗೆ ಮಾತ್ರ ಯಾಕೆ ಮೂರನೇದು?" ಎಂದು ಕೇಳಿಯೇ ಕೇಳುತ್ತಾರೆ. ಆಗ ಆ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ 2, ಗಣಿತದಲ್ಲಿ ಮುಂದಿರುವವನು ಒಬ್ಬ, ಕೂಡಿದರೆ 3 ಎಂದು ತೋರಿಸಿದರೆ ಸಾಕು. 88.024 ಎಂಬ ಅಂಕವನ್ನು ಹೆತ್ತವರಿಗೆ ವಿವರಿಸಲು ಹೊರಟರೆ ಸಂಜೆಯಾಗುತ್ತದೆ.

ಸೂತ್ರದಲ್ಲಿರುವ `$` ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಗುರುತಿಸಲು ಸುಲಭದ ದಾರಿ ಇದೆ: ಪಟ್ಟಿಯ ಕೊನೆಯ ಸಾಲನ್ನು ನೋಡಿ. ಕೆಳಗೆಳೆದಂತೆ ವ್ಯಾಪ್ತಿಯೂ ಕೆಳಗೆ ಜಾರಿರುತ್ತದೆ. ಕೊನೆಯ ಮಗುವಿನ ವ್ಯಾಪ್ತಿಯಲ್ಲಿ ಅದರ ಅಂಕ ಮಾತ್ರ ಉಳಿದು, ಎಷ್ಟೇ ಬಂದಿರಲಿ `RANK` ಅದಕ್ಕೆ 1 ಕೊಟ್ಟಿರುತ್ತದೆ.

ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಗೈರುಹಾಜರಿ. ಬಾರದ ಮಗುವಿನ ಕೋಶದಲ್ಲಿ ನಾವು AB ಎಂದು ಬರೆಯುತ್ತೇವೆ. `SUM` ಅಕ್ಷರಗಳನ್ನು ಲೆಕ್ಕಿಸುವುದಿಲ್ಲ, ಒಟ್ಟು 0 ಬರುತ್ತದೆ, ಪರೀಕ್ಷೆಗೇ ಬಾರದವನಿಗೆ ಕೊನೆಯ ರ‍್ಯಾಂಕ್ ಸಿಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಬೇರೆ ಶಾಲೆಯಿಂದ ಬಂದ ಫೈಲಿನಲ್ಲಿ 27 ಎಂಬುದು ಕೆಲವೊಮ್ಮೆ ಸಂಖ್ಯೆಯಾಗಿರದೆ ಪಠ್ಯವಾಗಿ ಕುಳಿತಿರುತ್ತದೆ. ನೋಡಲು 27ರಂತೆಯೇ ಇರುತ್ತದೆ, `SUM` ಅದನ್ನು ಬಿಟ್ಟು ಕೂಡಿಸುತ್ತದೆ, ಮಗುವಿನ 27 ಅಂಕ ಸದ್ದಿಲ್ಲದೆ ಹೋಗಿರುತ್ತದೆ. ಎರಡಕ್ಕೂ E ಕಾಲಮಿನಲ್ಲಿ ಒಂದೇ ಮದ್ದು:

```
=IF(COUNT(B2:D2)=3,SUM(B2:D2),"AB")
```

ಮೂರೂ ಕೋಶಗಳಲ್ಲಿ ನಿಜವಾದ ಸಂಖ್ಯೆ ಇದ್ದರೆ ಮಾತ್ರ ಮೊತ್ತ. ಹಾಜರಿದ್ದ ಮಗುವಿನ ಎದುರು AB ಕಂಡಿತೋ, ಆ ಸಾಲಿನಲ್ಲಿ ಪಠ್ಯವಾಗಿ ಕುಳಿತ ಅಂಕವೊಂದಿದೆ ಅಥವಾ ಒಂದು ಕೋಶ ಖಾಲಿ ಇದೆ ಎಂದೇ ಅರ್ಥ. ಕ್ಯಾಲ್ಕ್‌ನಲ್ಲಿ `Ctrl+F8` ಒತ್ತಿದರೆ ಸಂಖ್ಯೆಗಳು ನೀಲಿಯಾಗಿ, ಪಠ್ಯ ಕಪ್ಪಾಗಿ ಕಾಣುತ್ತದೆ, ಹುಡುಕುವ ಕಷ್ಟವಿಲ್ಲ. E ಕಾಲಮಿನಲ್ಲಿ AB ಬಂದ ಸಾಲುಗಳಲ್ಲಿ ರ‍್ಯಾಂಕ್ ಬರಬಾರದಲ್ಲ, ಅದಕ್ಕೆ F, G, H ಮೂರನ್ನೂ `IF(ISNUMBER(E2),…,"")` ಒಳಗೆ ಹಾಕಿ, ಚುಕ್ಕೆಗಳ ಜಾಗದಲ್ಲಿ ಮೊದಲಿನ ಸೂತ್ರ ಬರೆಯುತ್ತೇನೆ. ಮಿಕ್ಕವರ ರ‍್ಯಾಂಕಿಗೆ AB ಅಡ್ಡಿಯಾಗುವುದಿಲ್ಲ. `RANK` ವ್ಯಾಪ್ತಿಯೊಳಗಿನ ಅಕ್ಷರಗಳನ್ನು ಎಣಿಸುವುದಿಲ್ಲ.

ಗಣಿತದಲ್ಲೂ ಸಮವಾದರೆ? ಮೇಲಿನ ಉದಾಹರಣೆಯಲ್ಲಿ 104ಕ್ಕೂ 27 ಇದ್ದಿದ್ದರೆ ಇಬ್ಬರೂ 2ನೇ ಸ್ಥಾನದಲ್ಲಿ ನಿಂತು, 102 ನಾಲ್ಕಕ್ಕೆ ಹೋಗುತ್ತಿತ್ತು. ಆಗ G ಸೂತ್ರಕ್ಕೆ ಇನ್ನೊಂದು ಎಣಿಕೆ ಕೂಡಿಸಬೇಕು:

```
+COUNTIFS(E$2:E$61,E2,C$2:C$61,C2,B$2:B$61,">"&B2)
```

ಒಟ್ಟು ಸಮ, ಗಣಿತ ಸಮ, ಕನ್ನಡದಲ್ಲಿ ಹೆಚ್ಚು ಇರುವವರು ಎಷ್ಟು ಎಂದು ಇದು ಎಣಿಸುತ್ತದೆ. ಮೂರೇ ವಿಷಯ ಇರುವಲ್ಲಿ ಇದರಾಚೆ ಹೋಗಲು ದಾರಿಯಿಲ್ಲ. ಒಟ್ಟು, ಗಣಿತ, ಕನ್ನಡ ಮೂರೂ ಸಮವಾದರೆ ಸಾಮಾನ್ಯ ಜ್ಞಾನವೂ ಸಮವಾಗಿಯೇ ಇರುತ್ತದೆ. ಜನ್ಮದಿನಾಂಕ ನೋಡಿ ಚಿಕ್ಕವರನ್ನು ಮುಂದೆ ತರುವವರಿದ್ದಾರೆ. ನಮಗೆ ಅದು ಹಿಡಿಸಲಿಲ್ಲ, ಅಲ್ಲಿಗೆ ಬಂದರೆ ಜಂಟಿ ಬಹುಮಾನ.

ಮುಗಿದ ಮೇಲೆ H ಕಾಲಮನ್ನು ಕೂಡಿ ನೋಡುತ್ತೇನೆ. 57 ಮಂದಿ ಹಾಜರಿದ್ದು ಯಾರೂ ಸಮವಾಗಿ ಉಳಿದಿಲ್ಲವಾದರೆ 1ರಿಂದ 57ರವರೆಗಿನ ಮೊತ್ತ 1653 ಬರಬೇಕು. ಒಂದು ಜೋಡಿ ಸಮವಾಗಿ ಉಳಿದರೆ ಒಂದು ಕಡಿಮೆ, ಮೂವರು ಉಳಿದರೆ ಮೂರು ಕಡಿಮೆ. 1653 ದಾಟಿತು ಎಂದರೆ ಸೂತ್ರದಲ್ಲಿ ಎಲ್ಲೋ ವ್ಯಾಪ್ತಿ ತಪ್ಪಿದೆ.

ನಾಲ್ಕನೇ ಮತ್ತು ಏಳನೇ ತರಗತಿಯ ಮಕ್ಕಳನ್ನು ಒಂದೇ ಹಾಳೆಯಲ್ಲಿ ಇಟ್ಟರೆ `RANK` ಕೈಕೊಡುತ್ತದೆ, ಅದಕ್ಕೆ ಷರತ್ತು ಹಾಕುವಂತಿಲ್ಲ. ಆಗ F ಕಾಲಮಿನಲ್ಲೂ `COUNTIFS` ಬೇಕು. ತರಗತಿ I ಕಾಲಮಿನಲ್ಲಿದೆ ಎಂದುಕೊಂಡರೆ:

```
=COUNTIFS(I$2:I$61,I2,E$2:E$61,">"&E2)+1
```

G ಸೂತ್ರದ ಪ್ರತಿ ಎಣಿಕೆಯ ಮೊದಲಿಗೂ `I$2:I$61,I2` ಸೇರಿಸಬೇಕು, ಇಲ್ಲವಾದರೆ ಏಳನೆಯವರ 88 ನಾಲ್ಕನೆಯವರ 88ನ್ನು ಕೆಳಗಿಳಿಸುತ್ತದೆ.